ಸ್ಪರ್ಶಕ ಸರಿ, ಮಧ್ಯಬಿಂದು ತಪ್ಪು: ರಚನೆಯ ಹಾಳೆಗಳನ್ನು ಅಳೆದು ಹೋಲಿಸುವ ಬಗೆ

“3 ಸೆಂ.ಮೀ. ತ್ರಿಜ್ಯವಿರುವ ವೃತ್ತ ಎಳೆಯಿರಿ. ಕೇಂದ್ರದಿಂದ 8 ಸೆಂ.ಮೀ. ದೂರದ ಬಿಂದುವಿನಿಂದ ವೃತ್ತಕ್ಕೆ ಒಂದು ಜೊತೆ ಸ್ಪರ್ಶಕಗಳನ್ನು ರಚಿಸಿ, ಅವುಗಳ ಉದ್ದ ಅಳೆದು ಬರೆಯಿರಿ.” ಹತ್ತನೇ ತರಗತಿಗೆ ಗಣಿತ ಹೇಳುವವರಿಗೆಲ್ಲ ಈ ಬಗೆಯ ಪ್ರಶ್ನೆ ಬಾಯಿಪಾಠವಾಗಿರುತ್ತದೆ. ಮೈಸೂರು, ಮಂಡ್ಯ ಕಡೆಯ ಶಾಲೆಗಳಲ್ಲಿ ಪರೀಕ್ಷೆ ಹತ್ತಿರ ಬಂದು ಸಂಜೆಯ ವಿಶೇಷ ತರಗತಿ ಶುರುವಾದಾಗ ಇಂಥದ್ದೊಂದು ರಚನೆ ಕೊಟ್ಟರೆ, ಅರ್ಧ ಗಂಟೆಯಲ್ಲಿ ನಲವತ್ತು ಹಾಳೆ ಮೇಜಿನ ಮೇಲೆ ಬಂದು ಬೀಳುತ್ತವೆ. ನಲವತ್ತರಲ್ಲಿ ಮೂವತ್ತು ಹಾಳೆಯ ಕೊನೆಯಲ್ಲಿ “PA = PB = 7.4 ಸೆಂ.ಮೀ.” ಎಂದೇ ಬರೆದಿರುತ್ತದೆ. ಅದನ್ನು ನೋಡಿ ಸರಿ ಗುರುತು ಹಾಕಿಬಿಟ್ಟರೆ ಆ ಸಂಜೆಯ ಕೆಲಸ ದಂಡ. ಈ ರಚನೆಯಲ್ಲಿ ಕೊನೆಯ ಉತ್ತರ ಸರಿ ಬರಲು ಮಧ್ಯದ ಹೆಜ್ಜೆಗಳೆಲ್ಲ ಸರಿಯಿರಬೇಕೆಂದೇನಿಲ್ಲ. ಅದು ಹೇಗೆ, ಯಾವ ತಪ್ಪು ಎಲ್ಲಿ ಕಾಣುತ್ತದೆ ಎಂಬುದನ್ನು ಈ ಒಂದೇ ಲೆಕ್ಕ ಹಿಡಿದು ನೋಡೋಣ.

ಮೊದಲು ನಿಮ್ಮ ಕೈಯಲ್ಲಿ ಇರಬೇಕಾದ ಅಂಕಿಗಳು

ಹಾಳೆಗಳನ್ನು ಒಂದಕ್ಕೊಂದು ಹೋಲಿಸಬೇಡಿ. ತರಗತಿಯ ‘ಚೆನ್ನಾಗಿ ಬರೆಯುವ ಹುಡುಗಿ’ಯ ಹಾಳೆಯನ್ನು ಮಾದರಿಯಾಗಿ ಇಟ್ಟುಕೊಂಡರೆ ಅವಳ ಕೈವಾರದ ತಪ್ಪೇ ಉಳಿದವರಿಗೆಲ್ಲ ಅಳತೆಗೋಲಾಗುತ್ತದೆ. ಬೋರ್ಡಿನ ಮೇಲೆ ಮರದ ಕೈವಾರದಲ್ಲಿ ಎಳೆದ ಚಿತ್ರವಂತೂ ಲೆಕ್ಕಕ್ಕೇ ಬೇಡ. ಹೋಲಿಕೆ ಲೆಕ್ಕ ಹಾಕಿದ ಅಂಕಿಗಳ ಜೊತೆ ಆಗಬೇಕು.

ವೃತ್ತದ ಕೇಂದ್ರ O, ಹೊರಗಿನ ಬಿಂದು P, OP ಯ ಲಂಬಾರ್ಧಕ ಎಳೆದು ಪಡೆಯುವ ಮಧ್ಯಬಿಂದು M, ಸ್ಪರ್ಶ ಬಿಂದುಗಳು A ಮತ್ತು B ಎಂದು ಇಟ್ಟುಕೊಳ್ಳೋಣ. M ಅನ್ನು ಕೇಂದ್ರವಾಗಿಸಿ O ಮತ್ತು P ಮೂಲಕ ಎಳೆಯುವ ಎರಡನೆಯ ವೃತ್ತವನ್ನು ಸಹಾಯಕ ವೃತ್ತ ಎನ್ನೋಣ. OP ಅದರ ವ್ಯಾಸ. ಅರ್ಧವೃತ್ತದಲ್ಲಿನ ಕೋನ ಲಂಬಕೋನವಾದ್ದರಿಂದ ಅದು ಮೊದಲ ವೃತ್ತವನ್ನು ಕತ್ತರಿಸುವ A ಯಲ್ಲಿ OA ಮತ್ತು PA ಲಂಬವಾಗಿರುತ್ತವೆ. ಹಾಗಾಗಿ PA ಸ್ಪರ್ಶಕ.

ಉದ್ದ ಪೈಥಾಗೊರಸ್‌ನಿಂದ ಬರುತ್ತದೆ:

PA = √(8² − 3²) = √55 ≈ 7.42 ಸೆಂ.ಮೀ.

ಸ್ಪರ್ಶ ಬಿಂದುಗಳ ನಡುವಿನ ದೂರ:

AB = 2 × 3 × 7.42 ÷ 8 ≈ 5.56 ಸೆಂ.ಮೀ.

ಎರಡು ಸ್ಪರ್ಶಕಗಳ ನಡುವಿನ ಕೋನ ∠APB ಸುಮಾರು 44°, ಕೇಂದ್ರದಲ್ಲಿನ ಕೋನ ∠AOB ಸುಮಾರು 136°. ಎರಡೂ ಸೇರಿ 180° ಆಗಬೇಕು, ಆಗುತ್ತದೆ. ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.

AB ಯಾಕೆ ಬೇಕು, ಪ್ರಶ್ನೆಯಲ್ಲಿ ಅದನ್ನು ಕೇಳಿಯೇ ಇಲ್ಲವಲ್ಲ ಎನ್ನಿಸಬಹುದು. ಇಲ್ಲಿದೆ ಕಾರಣ. ಒಬ್ಬ ಹುಡುಗ ತ್ರಿಜ್ಯವನ್ನು 3 ರ ಬದಲು 3.1 ಇಟ್ಟ ಎಂದುಕೊಳ್ಳಿ. ಅವನ PA ಎಷ್ಟಾಗುತ್ತದೆ? ಸುಮಾರು 7.38. ಸ್ಕೇಲಿನಲ್ಲಿ ಅದು 7.4 ಎಂದೇ ಓದುತ್ತದೆ. ತ್ರಿಜ್ಯದ ತಪ್ಪು ಸ್ಪರ್ಶಕದ ಉದ್ದದಲ್ಲಿ ಕಾಣುವುದೇ ಇಲ್ಲ. ಆದರೆ ಅವನ AB 5.7 ಆಗಿರುತ್ತದೆ, ಅಂದರೆ ಒಂದೂವರೆ ಮಿಲಿಮೀಟರ್ ಹೆಚ್ಚು. ಇನ್ನೊಬ್ಬಳು ತ್ರಿಜ್ಯ ಸರಿಯಾಗಿಟ್ಟು OP ಯನ್ನು 8.1 ಎಳೆದಳು ಎನ್ನಿ. ಅವಳ PA 7.5 ಆಗುತ್ತದೆ, AB ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಒಟ್ಟಿನಲ್ಲಿ PA ಯ ಅಳತೆ OP ಯ ತಪ್ಪನ್ನು ಹೇಳುತ್ತದೆ, AB ಯ ಅಳತೆ ತ್ರಿಜ್ಯದ ತಪ್ಪನ್ನು ಹೇಳುತ್ತದೆ. ಒಂದನ್ನೇ ಅಳೆದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ.

ಹಾಳೆ ಕೊಡುವಾಗಲೇ ನೋಡಬೇಕಾದ್ದು

ಗೆರೆಯಿಲ್ಲದ ಬಿಳಿ ಹಾಳೆ ಕೊಡಿ. ಇಡೀ ರಚನೆಗೆ ಅಡ್ಡಕ್ಕೆ 11 ಸೆಂ.ಮೀ., ಉದ್ದಕ್ಕೆ 8 ಸೆಂ.ಮೀ. ಜಾಗ ಬೇಕು. ಉತ್ತರ ಪತ್ರಿಕೆಯ ಪುಟದಲ್ಲಿ ಇದು ಆರಾಮಾಗಿ ಹಿಡಿಯುತ್ತದೆ, ಆದರೆ O ವನ್ನು ಪುಟದ ಎಡ ಅಂಚಿನಿಂದ ಕನಿಷ್ಠ 4 ಸೆಂ.ಮೀ. ಒಳಗೆ ಇಡಬೇಕು. ಎಷ್ಟೋ ಮಕ್ಕಳು ಅಂಚಿಗೇ O ಇಟ್ಟು, ವೃತ್ತ ಹೊರಗೆ ಹೋಗುತ್ತದೆಂದು ಗೊತ್ತಾದ ಮೇಲೆ ರಬ್ಬರ್ ಹಿಡಿಯುತ್ತಾರೆ. ಅಳಿಸಿದ ಮುಳ್ಳಿನ ತೂತು ಮಾತ್ರ ಹೋಗುವುದಿಲ್ಲ. ಆಮೇಲೆ ಹೊಸ ಕೇಂದ್ರಕ್ಕೆ ಮುಳ್ಳು ಚುಚ್ಚುವಾಗ ಅದು ಹಳೆ ತೂತಿಗೇ ಜಾರುತ್ತದೆ.

ಹಾಳೆಯ ಕೆಳಗೆ ನಾಲ್ಕೈದು ಹಾಳೆ ಇರಲಿ. ಬರಿಯ ಡೆಸ್ಕಿನ ಮೇಲೆ ಕೈವಾರದ ಮುಳ್ಳು ನಿಲ್ಲದೆ ಜಾರುತ್ತದೆ. ಇಡೀ ನೋಟ್‌ಬುಕ್ ಇಟ್ಟರೆ ಮುಳ್ಳು ಆಳಕ್ಕಿಳಿದು ತೂತು ಅಗಲವಾಗುತ್ತದೆ.

ತಿದ್ದುವುದಕ್ಕೆ ಮಕ್ಕಳು ಎಳೆದ ಹಾಳೆಯೇ ಬೇಕು. ಮೊಬೈಲಿನಲ್ಲಿ ತೆಗೆದು ಗುಂಪಿಗೆ ಹಾಕಿದ ಫೋಟೊದ ಮೇಲೆ ಸ್ಕೇಲು ಇಟ್ಟು ಅಳೆಯಬಾರದು, ಫೋನು ಸ್ವಲ್ಪ ಓರೆಯಾದರೂ ವೃತ್ತ ಮೊಟ್ಟೆಯಾಗುತ್ತದೆ. ಜೆರಾಕ್ಸ್ ಪ್ರತಿಯೂ ಹಾಗೆಯೇ: ಮಂಡ್ಯದ ಪೇಟೆ ಬೀದಿಯಲ್ಲಾಗಲಿ ಶಾಲೆಯ ಕಚೇರಿಯಲ್ಲಾಗಲಿ ಪ್ರತಿ ತೆಗೆಸಿದರೆ, ಮೊದಲು 10 ಸೆಂ.ಮೀ. ಗೆರೆಯೊಂದನ್ನು ಪ್ರತಿ ಮಾಡಿ ಅಳೆದು ನೋಡಿ. ಅದು 9.9 ಬಂದರೆ ನಿಮ್ಮ 8 ಸೆಂ.ಮೀ. ಕೂಡ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಕಳೆದುಕೊಂಡಿತೆಂದೇ ಅರ್ಥ.

ಸ್ಕೇಲು ಹಿಡಿಯುವ ಮೊದಲು ಕಣ್ಣಿನ ಸುತ್ತು

ನಲವತ್ತು ಹಾಳೆಯನ್ನೂ ಅಳೆಯುತ್ತ ಕೂತರೆ ರಾತ್ರಿಯಾಗುತ್ತದೆ. ಮೊದಲು ಬರಿಗಣ್ಣಿನಲ್ಲೇ ಎರಡು ಗುಡ್ಡೆ ಮಾಡಿ. ಪ್ರತಿ ಹಾಳೆಯಲ್ಲೂ ಒಂದೇ ಜಾಗ ನೋಡಿ: ಸಹಾಯಕ ವೃತ್ತವು O ಮತ್ತು P ಎರಡರ ಮೂಲಕವೂ ಹಾದಿದೆಯೇ? ಹಾದಿದ್ದರೆ ಒಂದು ಕಡೆ, ಇಲ್ಲದಿದ್ದರೆ ಇನ್ನೊಂದು ಕಡೆ. ಸಹಾಯಕ ವೃತ್ತವೇ ಇಲ್ಲದ ಹಾಳೆಗಳೂ ಎರಡನೆಯ ಗುಡ್ಡೆಗೇ ಹೋಗಲಿ. ಒಂದು ಹಾಳೆಗೆ ಐದು ಸೆಕೆಂಡು ಸಾಕು.

ಪಾರದರ್ಶಕ ಓ.ಎಚ್.ಪಿ. ಹಾಳೆಯ ಮೇಲೆ ಸರಿಯಾದ ರಚನೆಯನ್ನು ಸಣ್ಣ ಮೊನೆಯ ಮಾರ್ಕರಿನಲ್ಲಿ ಎಳೆದು, ಮಕ್ಕಳ ಚಿತ್ರದ ಮೇಲೆ ಹೊದಿಸಿ ನೋಡುವವರೂ ಇದ್ದಾರೆ. O ಮೇಲೆ O ಕೂರಿಸಿ OP ಯನ್ನು OP ಗೆ ಹೊಂದಿಸಿದರೆ ಎಲ್ಲಿ ಪಕ್ಕಕ್ಕೆ ಸರಿದಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಉಪಾಯ ಒಳ್ಳೆಯದು. ಆದರೆ ಮಾರ್ಕರಿನ ಗೆರೆಯೇ ಅರ್ಧ ಮಿಲಿಮೀಟರಿಗಿಂತ ದಪ್ಪ ಇರುವುದರಿಂದ ಅದು ಗುಡ್ಡೆ ಮಾಡಲು ಸಾಕು, ಅಂಕ ಕೊಡಲು ಸಾಲದು.

ಅಳೆಯುವ ಕ್ರಮ

ಅಳತೆಗೆ ಡಿವೈಡರ್ ಬಳಸಿ, ಕಂಪಾಸ್ ಬಾಕ್ಸಿನಲ್ಲಿ ಎರಡೂ ಕಾಲಿಗೆ ಮುಳ್ಳಿರುವ ಸಾಧನ ಅದು. ಬಹಳ ಮಕ್ಕಳ ಬಾಕ್ಸಿನಲ್ಲಿ ಅದು ಹೊಸದಾಗಿಯೇ ಇರುತ್ತದೆ. ಎರಡು ಬಿಂದುಗಳ ಮೇಲೆ ಅದರ ಮುಳ್ಳುಗಳನ್ನು ಇಟ್ಟು, ಹಾಗೇ ಎತ್ತಿ ಸ್ಕೇಲಿನ ಮೇಲೆ ಇಟ್ಟು ಓದಿ. ಸ್ಕೇಲನ್ನೇ ಚಿತ್ರದ ಮೇಲೆ ಇಟ್ಟು ಓರೆಯಾಗಿ ಬಗ್ಗಿ ಓದಿದರೆ ಪ್ಲಾಸ್ಟಿಕ್‌ನ ದಪ್ಪದಿಂದಲೇ ಅರ್ಧ ಮಿಲಿಮೀಟರ್ ಆಚೀಚೆ ಆಗುತ್ತದೆ.

ಮೊದಲು OP. ನಂತರ ಮೊದಲ ವೃತ್ತದ ತ್ರಿಜ್ಯವನ್ನು ಎರಡು ದಿಕ್ಕಿನಲ್ಲಿ, ಒಮ್ಮೆ P ಕಡೆಗೆ, ಒಮ್ಮೆ ಅದಕ್ಕೆ ಅಡ್ಡಲಾಗಿ. ಎರಡೂ ಒಂದೇ ಬರದಿದ್ದರೆ ವೃತ್ತ ಎಳೆಯುವಾಗಲೇ ಕೈವಾರ ಅಗಲವಾಗಿದೆ ಎಂದರ್ಥ. ಸಾಮಾನ್ಯವಾಗಿ ಅಂಥ ವೃತ್ತದ ಶುರು ಮತ್ತು ಕೊನೆ ಕೂಡುವಲ್ಲಿ ಸಣ್ಣ ಮೆಟ್ಟಿಲೊಂದು ಕಾಣುತ್ತದೆ. ಆಮೇಲೆ OM ಮತ್ತು MP. ಕೊನೆಗೆ PA, PB, AB.

ಎಷ್ಟು ತಪ್ಪನ್ನು ಬಿಡಬೇಕು? ಸ್ಕೇಲಿನ ಅತಿ ಚಿಕ್ಕ ಭಾಗ 1 ಮಿ.ಮೀ. ಆದ್ದರಿಂದ ಉದ್ದದಲ್ಲಿ ಆಚೆಗೆ 1, ಈಚೆಗೆ 1 ಮಿ.ಮೀ. ಬಿಡುವುದು ನ್ಯಾಯ. ಕೋನದಲ್ಲಿ 1 ಅಥವಾ 2 ಡಿಗ್ರಿ. ಒಂದು ಎಚ್ಚರ ಬೇಕು: OP ಯನ್ನು 8.1 ಎಳೆದವನ PA ಯನ್ನು 7.4 ರ ಜೊತೆ ಹೋಲಿಸಬೇಡಿ, ಅವನ OP ಗೆ ಬರಬೇಕಾದ 7.5 ರ ಜೊತೆ ಹೋಲಿಸಿ. ಇಲ್ಲವಾದರೆ ಒಂದೇ ತಪ್ಪಿಗೆ ಎರಡು ಸಲ ಅಂಕ ಕಳೆದಂತಾಗುತ್ತದೆ. ಅಷ್ಟೇ ಅಲ್ಲ, 8.1 ಎಳೆದು “7.4” ಎಂದು ಬರೆದಿದ್ದರೆ ಆ ಹುಡುಗ ಅಳೆದೇ ಇಲ್ಲ, ಪಕ್ಕದವನ ಹಾಳೆ ನೋಡಿ ಬರೆದಿದ್ದಾನೆ ಎಂಬ ಗುಮಾನಿಯನ್ನೂ ಇಟ್ಟುಕೊಳ್ಳಬಹುದು.

ಮೂರು ಹಾಳೆಗಳು

ಈಗ ಮೂರು ಬಗೆಯ ಹಾಳೆಗಳನ್ನು ಪಕ್ಕಪಕ್ಕ ಇಡೋಣ. ಮೂರರಲ್ಲೂ OP ಸರಿಯಾಗಿ 8, ತ್ರಿಜ್ಯ ಸರಿಯಾಗಿ 3.

ಮೊದಲ ಹಾಳೆ ನೋಡಲು ಬಲು ಚೆನ್ನ. ತೆಳು ಗೆರೆ, ಅಳಿಸಿದ ಗುರುತಿಲ್ಲ. PA, PB ಎರಡೂ 7.4 ಮತ್ತು 7.5 ರ ನಡುವೆ ಓದುತ್ತವೆ, AB 5.6. ಲಂಬಕೋನ ಅಳೆದರೆ 89° ಯಿಂದ 90° ಯ ನಡುವೆ. ಎಲ್ಲವೂ ಸರಿ. ಆದರೆ ಸಹಾಯಕ ವೃತ್ತ O ಮೂಲಕ ಹಾದು, P ಯನ್ನು 2 ಮಿ.ಮೀ. ದಾಟಿ ಹೊರಗೆ ಹೋಗಿದೆ. OM ಅಳೆದರೆ 4.1, MP 3.9. ಮಧ್ಯಬಿಂದು ಒಂದು ಮಿಲಿಮೀಟರ್ P ಕಡೆಗೆ ಸರಿದಿದೆ. ಆ ಸರಿತ ಉತ್ತರದಲ್ಲಿ ಬರಿಯ 0.3 ಮಿ.ಮೀ. ವ್ಯತ್ಯಾಸ ತರುತ್ತದೆ, ಸ್ಕೇಲಿಗೆ ಅದು ಸಿಗುವುದಿಲ್ಲ. ಹಾಳೆ ವಾಪಸ್ ಕೊಟ್ಟಾಗ “ಉತ್ತರ ಸರಿಯಾಗೇ ಬಂದೈತಲ್ಲ ಸಾ?” ಎನ್ನುವವನು ಇವನೇ. ಅವನ ಮಾತು ಸುಳ್ಳಲ್ಲ. ಆದರೆ ಪ್ರಶ್ನೆ ಕೇಳಿರುವುದು ರಚನೆಯನ್ನು. P ಯನ್ನು ಮುಟ್ಟದ ವೃತ್ತಕ್ಕೆ OP ವ್ಯಾಸವಾಗುವುದಿಲ್ಲ, ವ್ಯಾಸವಾಗದಿದ್ದರೆ ಲಂಬಕೋನಕ್ಕೆ ಆಧಾರವೇ ಇಲ್ಲ. ಮೌಲ್ಯಮಾಪಕರ ಕಣ್ಣಿಗೂ ಮೊದಲು ಬೀಳುವುದು ಆ 2 ಮಿ.ಮೀ. ಅಂತರವೇ, ಏಕೆಂದರೆ ಮಧ್ಯಬಿಂದುವಿನಲ್ಲಿನ ತಪ್ಪು P ಯ ಬಳಿ ಎರಡರಷ್ಟಾಗಿ ಕಾಣುತ್ತದೆ.

ಕಾರಣ ಹುಡುಕಲು ಲಂಬಾರ್ಧಕದ ಕಂಸಗಳಿಗೆ ಹೋಗಿ. O ದ ತೂತಿನಿಂದ ಅದರ ಕಂಸಕ್ಕೆ ಡಿವೈಡರ್ ಇಟ್ಟು ನೋಡಿ, P ಯಿಂದಲೂ ಹಾಗೆಯೇ. ಈ ಹಾಳೆಯಲ್ಲಿ P ಯಿಂದ 5.0, O ದಿಂದ ಸುಮಾರು 5.15 ಸಿಗುತ್ತದೆ. ಎರಡು ಕಡೆ ಕಂಸ ಎಳೆಯುವ ನಡುವೆ ಕೈವಾರ ಒಂದೂವರೆ ಮಿಲಿಮೀಟರ್ ಅಗಲವಾಗಿದೆ. ತಿರುಗಣೆಯ ತಿರುಪು ಸಡಿಲ, ಅಥವಾ ಹುಡುಗ ಕೈವಾರವನ್ನು ಮೇಲಿನ ಹಿಡಿಯಲ್ಲಿ ಹಿಡಿಯದೆ ಕಾಲುಗಳಲ್ಲೇ ಹಿಡಿದು ತಿರುಗಿಸಿದ್ದಾನೆ. ಎರಡು ಅಳತೆಯೂ ಒಂದೇ ಬಂದು M ಮಾತ್ರ ಸರಿದಿದ್ದರೆ, ಅವನು ಕಂಸಗಳನ್ನು ಶಾಸ್ತ್ರಕ್ಕೆ ಎಳೆದು M ಅನ್ನು ಸ್ಕೇಲಿನಲ್ಲಿ 4 ಎಂದು ಗುರುತಿಸಿದ್ದಾನೆ.

ಎರಡನೆಯ ಹಾಳೆ ಕಣ್ಣಿನ ಸುತ್ತಿನಲ್ಲಿ ಪಾಸಾಗಿ ಮೊದಲ ಗುಡ್ಡೆಗೆ ಸೇರಿಕೊಂಡಿರುತ್ತದೆ. ಸಹಾಯಕ ವೃತ್ತ O ಮತ್ತು P ಎರಡನ್ನೂ ಮುಟ್ಟಿದೆ. OM, MP ಎರಡೂ 4.0. ಆದರೆ PA 7.5, PB 7.3 ಎಂದು ಅಳತೆ ಬರುತ್ತದೆ. ಹೊರಗಿನ ಒಂದೇ ಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಇರಲೇಬೇಕಲ್ಲ? ಇಲ್ಲಿ M ಎಡಕ್ಕೂ ಬಲಕ್ಕೂ ಸರಿದಿಲ್ಲ, ಮೇಲಕ್ಕೆ ಸರಿದಿದೆ: OP ಗೆರೆಯ ಮೇಲೆ ಕೂರದೆ ಲಂಬಾರ್ಧಕದ ಮೇಲೇ 1 ಮಿ.ಮೀ. ಮೇಲೆ ಕೂತಿದೆ. ಹಾಗೆ ಕೂತರೂ O ಮತ್ತು P ಗಳಿಂದ ಅದರ ದೂರ ಸಮವೇ, ಅದಕ್ಕೇ ವೃತ್ತ ಎರಡನ್ನೂ ಮುಟ್ಟಿತು. ಆದರೆ A ಮತ್ತು B ಒಂದೇ ದಿಕ್ಕಿಗೆ ಸ್ವಲ್ಪ ತಿರುಗಿದವು. ಒಂದು ಕಡೆ ಕೋನ 88.6°, ಇನ್ನೊಂದು ಕಡೆ 91.4°, ಉದ್ದದಲ್ಲಿ ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಕೋನಮಾಪಕಕ್ಕಿಂತ ಡಿವೈಡರ್ ಇಲ್ಲಿ ಚುರುಕು: PA ಗೆ ಇಟ್ಟ ಡಿವೈಡರನ್ನು ಹಾಗೇ ತಿರುಗಿಸಿ PB ಗೆ ಹಿಡಿದರೆ ಕೂರುವುದಿಲ್ಲ.

ದೃಢಪಡಿಸಿಕೊಳ್ಳಲು ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ಮುಳ್ಳಿನ ತೂತು OP ಗೆರೆಗಿಂತ ಮೇಲೆ ಬೆಳಗುತ್ತದೆ. ಮಕ್ಕಳಿಗೂ ಇದನ್ನು ತೋರಿಸಿ, ಒಮ್ಮೆ ನೋಡಿದರೆ ಮುಳ್ಳನ್ನು ಎಲ್ಲಿ ಇಡಬೇಕೆಂಬ ಜಾಗ್ರತೆ ತಾನೇ ಬರುತ್ತದೆ. ಈ ತಪ್ಪು ಹೆಚ್ಚಾಗಿ OP ಗೆರೆಯನ್ನೂ ಲಂಬಾರ್ಧಕವನ್ನೂ ದಪ್ಪವಾಗಿ ಎಳೆದವರಿಂದ ಆಗುತ್ತದೆ. ಎರಡು ದಪ್ಪ ಗೆರೆ ಕೂಡಿದ ಜಾಗ ಬಿಂದುವಾಗಿ ಉಳಿಯದೆ ಸಣ್ಣ ಚೌಕವಾಗುತ್ತದೆ, ಮುಳ್ಳು ಆ ಚೌಕದ ಯಾವ ಮೂಲೆಗೆ ಬೇಕಾದರೂ ಇಳಿಯಬಹುದು.

ಮೂರನೆಯ ಹಾಳೆಯಲ್ಲಿ PA 7.8, PB 7.1. ಕೋನಮಾಪಕ ಇಟ್ಟರೆ A ಯಲ್ಲಿ 83°, B ಯಲ್ಲಿ 96°. ಆದರೆ ∠APB ಸರಿಯಾಗಿ 44°! ಗೆರೆಗಳು ಸರಿಯಾಗಿವೆ, ಬಿಂದುಗಳು ತಪ್ಪಿವೆ. ಅಂದರೆ P ಯಿಂದ ಸ್ಕೇಲನ್ನು ವೃತ್ತಕ್ಕೆ ತಾಗಿಸಿ ಅಂದಾಜಿನಲ್ಲಿ ಗೆರೆ ಎಳೆದು, ಆಮೇಲೆ ‘ಇಲ್ಲೆಲ್ಲೋ ಮುಟ್ಟಿರಬೇಕು’ ಎಂದು A, B ಬರೆದದ್ದು. ಸಹಾಯಕ ವೃತ್ತವನ್ನು ಆಮೇಲೆ ಸೇರಿಸಿದ್ದರೂ ಅದು A, B ಗಳ ಮೂಲಕ ಹಾದಿರುವುದಿಲ್ಲ.

ಅಂದಾಜಿನಲ್ಲಿ ಸ್ಪರ್ಶ ಬಿಂದು ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಲೆಕ್ಕವೇ ಇದೆ. ಸ್ಪರ್ಶಕವು ಮುಟ್ಟುವ ಜಾಗದಿಂದ s ದೂರ ಹೋದಾಗ ವೃತ್ತಕ್ಕೂ ಅದಕ್ಕೂ ನಡುವಿನ ಅಂತರ ಸುಮಾರು s² ÷ 2r. ಪೆನ್ಸಿಲ್ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ, 30 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ಅಂತರ ಅಷ್ಟಾಗಲು s ಸುಮಾರು 5.5 ಮಿ.ಮೀ. ಆಗಬೇಕು. ಎರಡೂ ಕಡೆ ಸೇರಿ 11 ಮಿ.ಮೀ. ಉದ್ದಕ್ಕೆ ಗೆರೆ ಮತ್ತು ವೃತ್ತ ಅಂಟಿಕೊಂಡೇ ಕಾಣುತ್ತವೆ. ಆ ಒಂದು ಸೆಂಟಿಮೀಟರಿನಲ್ಲಿ ಯಾವ ಬಿಂದು ಸ್ಪರ್ಶ ಬಿಂದು ಎಂದು ಎಂಥ ಕಣ್ಣಿಗೂ ಹೇಳಲಾಗದು. ಪೆನ್ಸಿಲನ್ನು ಚೂಪು ಮಾಡಿ 0.3 ಮಿ.ಮೀ. ಗೆರೆ ಎಳೆದರೂ ಅದು ಎಂಟೂವರೆ ಮಿಲಿಮೀಟರಿಗೆ ಇಳಿಯುತ್ತದೆ ಅಷ್ಟೇ. ಸಹಾಯಕ ವೃತ್ತವಾದರೋ ಮೊದಲ ವೃತ್ತವನ್ನು 68° ಕೋನದಲ್ಲಿ ಕತ್ತರಿಸುತ್ತದೆ, ಕತ್ತರಿಸಿದ ಜಾಗ ಚುಕ್ಕಿಯಷ್ಟು ಸ್ಪಷ್ಟ. ಅದನ್ನು ಎಳೆಯುವುದು ಪಠ್ಯಪುಸ್ತಕ ಹೇಳಿದೆ ಎಂದಲ್ಲ, ಬಿಂದು ಬೇರೆ ದಾರಿಯಲ್ಲಿ ಸಿಗುವುದಿಲ್ಲ ಎಂದು.

ಮೂರೂ ಹಾಳೆಯ ತಪ್ಪು ಬೇರೆ ಬೇರೆ ಪರೀಕ್ಷೆಯಿಂದ ಬಯಲಾದದ್ದನ್ನು ಗಮನಿಸಿ. ಮೊದಲನೆಯದು P ಯ ಬಳಿಯ ಅಂತರದಿಂದ, ಎರಡನೆಯದು PA–PB ವ್ಯತ್ಯಾಸದಿಂದ, ಮೂರನೆಯದು A, B ಯಲ್ಲಿನ ಕೋನದಿಂದ. ಹಾಳೆಯ ಅಂಚಿನಲ್ಲಿ ಒಂದೇ ಷರಾ ಬರೆಯಿರಿ: ಮೊದಲು ಎಡವಿದ ಹೆಜ್ಜೆ ಯಾವುದೋ ಅದು. “M ಗೆರೆಯ ಮೇಲಿಲ್ಲ” ಎಂದರೆ ಸಾಕು, ಅದರಿಂದ ಹುಟ್ಟಿದ ಮುಂದಿನ ನಾಲ್ಕು ತಪ್ಪುಗಳನ್ನು ಎಣಿಸಿ ಬರೆಯುವ ಅಗತ್ಯವಿಲ್ಲ. ಷರಾ ಚಿತ್ರದ ಮೇಲೆ ಬೀಳದಿರಲಿ, ಕೆಂಪು ಪೆನ್ನಿನ ಗೆರೆ ಬಿದ್ದ ಕಂಸವನ್ನು ಆಮೇಲೆ ಅಳೆಯಲಾಗದು.

ಕೈವಾರ, ಪೆನ್ಸಿಲ್, ಸ್ಕೇಲು

ಒಂದೇ ಮಗುವಿನ ಎರಡು ಹಾಳೆಯಲ್ಲಿ ಒಂದೇ ತಪ್ಪು ಬಂದರೆ ಮಗುವಿಗಿಂತ ಮೊದಲು ಬಾಕ್ಸನ್ನು ತಪಾಸಣೆ ಮಾಡಿ. ಕೈವಾರ ಮುಚ್ಚಿದಾಗ ಮುಳ್ಳಿನ ತುದಿಯೂ ಪೆನ್ಸಿಲಿನ ತುದಿಯೂ ಒಂದೇ ಮಟ್ಟದಲ್ಲಿ ಇರಬೇಕು. ಪೆನ್ಸಿಲ್ ಕೆಳಗಿದ್ದರೆ ಕೈವಾರ ವಾಲುತ್ತದೆ, ತಿರುಗುವಾಗ ಮುಳ್ಳು ತೂತನ್ನು ಅಗೆಯುತ್ತದೆ, ವೃತ್ತ ಎರಡು ಗೆರೆಯಾಗಿ ಬೀಳುತ್ತದೆ. ತಿರುಪು ಸಡಿಲವಿದ್ದರೆ ಕನ್ನಡಕದ ಅಂಗಡಿಯವರಲ್ಲಿರುವಂಥ ಸಣ್ಣ ತಿರುಪುಳಿಯಲ್ಲಿ ಅರ್ಧ ಸುತ್ತು ಬಿಗಿಯಾಗಿಸಿದರೆ ಸಾಕು. ಬಿಗಿಯಾದ ಕೈವಾರವನ್ನು 5 ಸೆಂ.ಮೀ. ಗೆ ತೆರೆದು, ಹಾಳೆಯ ಮೇಲೆ ಐದು ಕಂಸ ಎಳೆದು, ಮತ್ತೆ ಸ್ಕೇಲಿನ ಮೇಲಿಟ್ಟು ನೋಡಿ: 5 ಸೆಂ.ಮೀ. ಉಳಿದಿದ್ದರೆ ಕೈವಾರ ನಂಬಬಹುದು.

ಲಂಬಾರ್ಧಕದ ಕಂಸಗಳಿಗೆ ಕೈವಾರವನ್ನು 5 ಸೆಂ.ಮೀ. ತೆರೆಯುವುದಕ್ಕೂ ಕಾರಣವಿದೆ. “ಅರ್ಧಕ್ಕಿಂತ ಹೆಚ್ಚು” ಎಂದು ಬರೆಸಿಕೊಂಡ ಮಕ್ಕಳು 4.2 ತೆಗೆದುಕೊಳ್ಳುತ್ತಾರೆ. ಆಗ ಕಂಸಗಳು ಒಂದಕ್ಕೊಂದು 35° ಯಷ್ಟೇ ಓರೆಯಾಗಿ ಕೂಡಿ, ಕತ್ತರಿಸಿದ ಜಾಗ ಉದ್ದಕ್ಕೆ ಹರಡಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಆ ಹರಡುವಿಕೆ ಲಂಬಾರ್ಧಕದ ದಿಕ್ಕಿನಲ್ಲೇ ಇರುವುದರಿಂದ M ಗೆ ಹೆಚ್ಚು ಹಾನಿಯಿಲ್ಲ. ಆದರೆ ಚಿತ್ರ ಓದುವವರಿಗೆ ಗೋಜಲು. 5 ತೆಗೆದುಕೊಂಡರೆ ಕಂಸಗಳು 74° ಯಲ್ಲಿ ಕೂಡುತ್ತವೆ, OP ಯಿಂದ ಸರಿಯಾಗಿ 3 ಸೆಂ.ಮೀ. ಮೇಲೆ ಮತ್ತು ಕೆಳಗೆ. ಅದನ್ನೂ ಅಳೆದು ನೋಡಬಹುದು.

ಸ್ಕೇಲಿನ ಸೊನ್ನೆ ಸವೆದಿದ್ದರೆ 1 ರಿಂದ ಅಳೆಯಲು ಹೇಳುವ ರೂಢಿ ಇದೆ. ಹೇಳಿದರೆ 9 ರಲ್ಲಿ ನಿಲ್ಲಬೇಕೆಂದೂ ಹೇಳಿ. 8 ರಲ್ಲೇ ನಿಂತ ಹಾಳೆಗಳಲ್ಲಿ OP 7 ಆಗಿ, PA 6.3 ಬರುತ್ತದೆ. ಹಾಳೆಯಲ್ಲಿ 6.3 ಕಂಡ ಕೂಡಲೇ ಕಾರಣ ಇದೇ ಎಂದು ತಿಳಿಯಬಹುದು.

ಹೆಸರಿಸುವುದು

ಬಿಂದು ಎಂದರೆ ಮುಳ್ಳಿನ ತೂತು ಅಥವಾ ಎರಡು ಗೆರೆ ಕೂಡಿದ ಜಾಗ. ಅದರ ಮೇಲೆ ದಪ್ಪ ಚುಕ್ಕಿ ಒತ್ತಿ ‘ಎದ್ದು ಕಾಣಲಿ’ ಎನ್ನುವ ಅಭ್ಯಾಸ ಬಿಡಿಸಿ. ಒಂದೂವರೆ ಮಿಲಿಮೀಟರ್ ಅಗಲದ ಚುಕ್ಕಿಯ ಯಾವ ಅಂಚಿನಿಂದ ಅಳೆಯುವುದು?

ಅಕ್ಷರ 3–4 ಮಿ.ಮೀ. ಎತ್ತರ, ಬಿಂದುವಿನಿಂದ 2–3 ಮಿ.ಮೀ. ದೂರ, ಯಾವ ಗೆರೆಯನ್ನೂ ಮುಟ್ಟದಂತೆ ಇರಲಿ. ಈ ಚಿತ್ರದಲ್ಲಿ A ಬಳಿ ಜಾಗ ಕಡಿಮೆ: ಎರಡು ವೃತ್ತ, ಒಂದು ಸ್ಪರ್ಶಕ, ಕೆಲವರಲ್ಲಿ OA ಕೂಡ. ಎರಡು ವೃತ್ತಗಳ ಹೊರಗೆ, ಸ್ಪರ್ಶಕದ ಮೇಲ್ಭಾಗದಲ್ಲಿ A ಬರೆದರೆ ಓದಬಹುದು. ಒಳಗೆ ತುರುಕಿದರೆ ಅದು ಯಾವ ಬಿಂದುವಿನ ಹೆಸರೆಂದೇ ತಿಳಿಯದು. B ಗೆ ಕೆಳಭಾಗದಲ್ಲಿ ಹಾಗೆಯೇ. M ಅನ್ನು ಲಂಬಾರ್ಧಕದ ಬಲಕ್ಕೆ, OP ಯ ಕೆಳಗೆ ಬರೆಯಿರಿ. ಹಾಳೆ ತಿರುಗಿಸಿ ಬರೆದ ಅಕ್ಷರಗಳು ಒಂದೊಂದು ದಿಕ್ಕಿಗೆ ತಲೆ ಮಾಡಿರುತ್ತವೆ, ಎಲ್ಲವೂ ನೆಟ್ಟಗಿರಬೇಕು.

8 ಸೆಂ.ಮೀ. ಎಂಬುದನ್ನು OP ಯ ಕೆಳಗೆ, 3 ಸೆಂ.ಮೀ. ಎಂಬುದನ್ನು ಒಂದು ತ್ರಿಜ್ಯದ ಪಕ್ಕ ಬರೆದರೆ ಸಾಕು. ಚಿತ್ರದಲ್ಲಿ A, B ಎಂದಿದ್ದು ಉತ್ತರದಲ್ಲಿ “PQ = PR” ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಸಿಗುತ್ತಾರೆ. ಅವರು ಹಂತಗಳನ್ನು ಬಾಯಿಪಾಠ ಮಾಡಿದವರು, ಪುಸ್ತಕದ ಅಕ್ಷರವೇ ಕೈಗೆ ಬರುತ್ತದೆ.

ಗೆರೆಯ ದಪ್ಪ ಎರಡೇ ಬಗೆ ಇರಲಿ. ಕಂಸ, ಲಂಬಾರ್ಧಕ, ಸಹಾಯಕ ವೃತ್ತ ತೆಳು. ಮೊದಲ ವೃತ್ತ ಮತ್ತು ಸ್ಪರ್ಶಕಗಳು ತುಸು ಗಾಢ, ಆದರೆ ಎಲ್ಲ ಗೆರೆ ಮುಗಿದು ಅಳತೆಯೂ ಮುಗಿದ ಮೇಲೆ ಮಾತ್ರ ಗಾಢ ಮಾಡಬೇಕು. ಸ್ಪರ್ಶಕ A ಯಲ್ಲೇ ನಿಲ್ಲದೆ ಒಂದು ಸೆಂ.ಮೀ. ಮುಂದೆ ಹೋಗಲಿ. A ಗೆ ಬಂದು ನಿಂತರೆ ಮುಟ್ಟಿ ಹೋಗಿದೆಯೋ, ಒಳಗೆ ನುಗ್ಗಲಿದೆಯೋ ಹೇಳಲಾಗದು. ತೆಳು ಕಂಸಗಳನ್ನು ‘ಚೊಕ್ಕಟವಾಗಿರಲಿ’ ಎಂದು ಅಳಿಸುವ ಮಕ್ಕಳು ತಮ್ಮ ಸಾಕ್ಷಿಯನ್ನೇ ಅಳಿಸುತ್ತಾರೆ. ಕಂಸವಿಲ್ಲದ ಹಾಳೆಗೂ ಮೂರನೆಯ ಹಾಳೆಗೂ ನೋಡುವವರಿಗೆ ವ್ಯತ್ಯಾಸ ಉಳಿಯುವುದಿಲ್ಲ.

ಮುಂದಿನ ಸಂಜೆಗೆ

ಮತ್ತೆ ಅಭ್ಯಾಸಕ್ಕೆ ಕೊಡುವಾಗ 3 ಮತ್ತು 5, ಅಥವಾ 6 ಮತ್ತು 10 ಎಂಬ ಜೋಡಿ ಬೇಡ. ಉತ್ತರ 4, 8 ಎಂದು ಮಕ್ಕಳಿಗೆ ಗೊತ್ತಿರುತ್ತದೆ, ಅಳೆದದ್ದು 3.8 ಬಂದರೂ 4 ಎಂದೇ ಬರೆಯುತ್ತಾರೆ. ತ್ರಿಜ್ಯ 2.5, ದೂರ 7 ಕೊಡಿ. PA 6.5, AB 4.7 ಬರಬೇಕು.

ಸ್ಪರ್ಶಕಗಳ ನಡುವಿನ ಕೋನ 60° ಇರುವಂತೆ ರಚಿಸಿ ಎಂಬ ಪ್ರಶ್ನೆಯಾದರೆ ಸಹಾಯಕ ವೃತ್ತ ಇರುವುದಿಲ್ಲ, ಅಳೆಯುವ ಅಂಕಿಗಳೂ ಬದಲಾಗುತ್ತವೆ. ತ್ರಿಜ್ಯ 3 ಕ್ಕೆ OP 6.0, PA 5.2. ಅಲ್ಲಿ ಕೇಂದ್ರದಲ್ಲಿ 120° ಇಡಬೇಕಾದಲ್ಲಿ 60° ಇಟ್ಟ ಹಾಳೆಗಳಲ್ಲಿ P ವೃತ್ತಕ್ಕೆ ತೀರ ಹತ್ತಿರ ಬಂದು, PA ಬರೀ 1.7 ಆಗಿರುತ್ತದೆ. ಅವನ್ನು ಸ್ಕೇಲು ಮುಟ್ಟದೆಯೇ ಬೇರೆ ತೆಗೆದಿಡಬಹುದು.